ಉದ್ದೇಶಿತ ಪ್ರಾಪ್ತಿವೆಚ್ಚ

ಉದ್ದೇಶಿತ ಪ್ರಾಪ್ತಿವೆಚ್ಚ ಎಂದರೆ ಅಂತರ್ಜಾಲ ಜಾಹೀರಾತಿನ ಮೂಲಕ ಒಬ್ಬ ಗ್ರಾಹಕನನ್ನು ಪಡೆಯಲು ಸರಾಸರಿ ಎಷ್ಟು ಹಣ ತೆರಬಹುದೆಂದು ಜಾಹೀರಾತುದಾರನು ಮೊದಲೇ ನಿಗದಿಪಡಿಸುವ ಮೊತ್ತ. ಇದು ಟಾರ್ಗೆಟ್ ಸಿಪಿಎ ಎಂಬ ಹೆಸರಿನಿಂದ ರೂಢಿಯಲ್ಲಿದೆ. ಈ ಮೊತ್ತವನ್ನು ನೀಡಿದ ಬಳಿಕ ಪ್ರತಿಯೊಂದು ಹುಡುಕಾಟಕ್ಕೂ ಎಷ್ಟು ಬಿಡ್ ಮಾಡಬೇಕೆಂಬುದನ್ನು ಜಾಹೀರಾತು ವ್ಯವಸ್ಥೆಯೇ ನಿರ್ಧರಿಸುತ್ತದೆ. ಆದ್ದರಿಂದ ಸ್ವಯಂಚಾಲಿತ ಬಿಡ್ಡಿಂಗ್ ಆರಂಭಿಸುವ ಮುನ್ನ ಈ ಅಂಕಿಯನ್ನು ಹಿಂದಿನ ತಿಂಗಳುಗಳ ದಾಖಲೆಯಿಂದ ಲೆಕ್ಕಹಾಕಿ ಪಡೆಯುವುದು ಅವಶ್ಯಕ. ಈ ಲೇಖನದಲ್ಲಿ ಆ ಲೆಕ್ಕದ ಕ್ರಮವನ್ನು ಮೈಸೂರು ಜಿಲ್ಲೆಯ ಬೀಚನಹಳ್ಳಿ ಪರಿಸರದ ಒಂದು ಉದಾಹರಣೆಯೊಂದಿಗೆ ವಿವರಿಸಲಾಗಿದೆ.

## ಹಿನ್ನೆಲೆ

ಗೂಗಲ್ ಸಂಸ್ಥೆಯು 2000ನೇ ಇಸವಿಯಲ್ಲಿ ಆಡ್‌ವರ್ಡ್ಸ್ ಎಂಬ ಜಾಹೀರಾತು ಸೇವೆಯನ್ನು ಆರಂಭಿಸಿತು. 2018ರಲ್ಲಿ ಇದಕ್ಕೆ ಗೂಗಲ್ ಆಡ್ಸ್ ಎಂದು ಮರುನಾಮಕರಣವಾಯಿತು. ಸ್ವಯಂಚಾಲಿತ ಬಿಡ್ಡಿಂಗ್ ಬರುವ ಮುನ್ನ ಪ್ರತಿ ಕ್ಲಿಕ್ಕಿಗೆ ಕೊಡುವ ಬೆಲೆಯನ್ನು ಜಾಹೀರಾತುದಾರನೇ ಕೈಯಾರೆ ನಮೂದಿಸಬೇಕಿತ್ತು. 2007ರಲ್ಲಿ ಬಂದ ಕನ್ವರ್ಷನ್ ಆಪ್ಟಿಮೈಜರ್ ಎಂಬ ಸೌಲಭ್ಯವು ಪ್ರಾಪ್ತಿವೆಚ್ಚವನ್ನು ಆಧಾರವಾಗಿಟ್ಟುಕೊಂಡು ಬಿಡ್ ಮಾಡತೊಡಗಿತು. 2021ರಿಂದ ಹುಡುಕಾಟದ ಜಾಹೀರಾತುಗಳಲ್ಲಿ ಇದನ್ನು Maximize conversions ಎಂಬ ವಿಧಾನದೊಳಗೆ Target CPA ಎಂಬ ಐಚ್ಛಿಕ ಅಂಕಣವಾಗಿ ಸೇರಿಸಲಾಗಿದೆ.

ಜಾಹೀರಾತನ್ನು ಕ್ಲಿಕ್ ಮಾಡಿದ ವ್ಯಕ್ತಿಯು ವ್ಯಾಪಾರಿಯು ಬಯಸಿದ ಕಾರ್ಯವನ್ನು ಪೂರೈಸಿದರೆ ಅದನ್ನು ‘ಪರಿವರ್ತನೆ’ ಎನ್ನಲಾಗುತ್ತದೆ. ಕೊಠಡಿ ಕಾಯ್ದಿರಿಸುವುದು, ಸರಕು ಕೊಳ್ಳುವುದು ಮುಂತಾದವು ಇದಕ್ಕೆ ಉದಾಹರಣೆಗಳು. ಲೆಕ್ಕದ ಮೂಲಸೂತ್ರ ಸರಳವಾದುದು:

```
ಪ್ರಾಪ್ತಿವೆಚ್ಚ = ಜಾಹೀರಾತಿನ ಒಟ್ಟು ವೆಚ್ಚ ÷ ಪರಿವರ್ತನೆಗಳ ಸಂಖ್ಯೆ
```

ಕಷ್ಟವಿರುವುದು ಭಾಗಾಕಾರದಲ್ಲಲ್ಲ, ಯಾವ ಕಾಲದ ವೆಚ್ಚವನ್ನು ಯಾವ ಪರಿವರ್ತನೆಗಳಿಂದ ಭಾಗಿಸಬೇಕು ಎಂಬ ಆಯ್ಕೆಯಲ್ಲಿ.

## ಉದಾಹರಣೆಯ ಪರಿಸರ

ಬೀಚನಹಳ್ಳಿಯು ಹೆಗ್ಗಡದೇವನಕೋಟೆ ಸೀಮೆಯಲ್ಲಿ ಕಬಿನಿ ನದಿಗೆ ಕಟ್ಟಲಾದ ಅಣೆಕಟ್ಟೆಯಿಂದ ಪ್ರಸಿದ್ಧವಾಗಿದೆ. ಅಣೆಕಟ್ಟೆ 1974ರಲ್ಲಿ ಪೂರ್ಣಗೊಂಡಿತು. ಇದರ ಹಿನ್ನೀರು ನಾಗರಹೊಳೆ ಮತ್ತು ಬಂಡೀಪುರ ಅರಣ್ಯಗಳ ನಡುವೆ ಹರಡಿಕೊಂಡಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ದಂಡೆಯಲ್ಲಿ ಚಿಗುರುವ ಹುಲ್ಲಿಗಾಗಿ ಆನೆಗಳ ಹಿಂಡುಗಳು ಬಯಲಿಗೆ ಬರುತ್ತವೆ. ಅವುಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಮಳೆಗಾಲದಲ್ಲಿ ಪ್ರವಾಸಿಗರ ಸಂಖ್ಯೆ ಇಳಿಯುತ್ತದೆ. ಹೀಗೆ ಋತುವಿನೊಂದಿಗೆ ಏರಿಳಿಯುವ ವ್ಯಾಪಾರದಲ್ಲಿ ಹಿಂದಿನ ದಾಖಲೆಯನ್ನು ಹೇಗೆ ಬಳಸಬೇಕೆಂಬ ಪ್ರಶ್ನೆ ಸ್ಪಷ್ಟವಾಗಿ ಎದುರಾಗುತ್ತದೆ.

ಹಿನ್ನೀರಿನ ಬಳಿ ನಾಲ್ಕು ಕೊಠಡಿಗಳ ಒಂದು ಹೋಂಸ್ಟೇ ಇದೆ ಎಂದು ಭಾವಿಸೋಣ. ಸಫಾರಿ ಎಂದಿನಂತೆ ನಡೆದ ಒಂದು ಋತುವಿನಲ್ಲಿ ಅದರ ಮಾಲೀಕರು ನಾಲ್ಕು ತಿಂಗಳು ಕೈಯಾರೆ ಬಿಡ್ ಮಾಡಿ, ಮಾರ್ಚ್ 1ರಿಂದ ಸ್ವಯಂಚಾಲಿತ ಬಿಡ್ಡಿಂಗಿಗೆ ಬದಲಾಗಲು ಯೋಚಿಸಿದ್ದಾರೆ. ಕೆಳಗಿನ ಅಂಕಿಗಳು ವಿವರಣೆಗಾಗಿ ಕಲ್ಪಿಸಿದವು.

| ತಿಂಗಳು | ವೆಚ್ಚ (₹) | ಮುಂಗಡ ಬಂದ ಬುಕಿಂಗ್ | ಪ್ರಾಪ್ತಿವೆಚ್ಚ (₹) |
|---|---|---|---|
| ನವೆಂಬರ್ | 18,000 | 20 | 900 |
| ಡಿಸೆಂಬರ್ | 27,000 | 36 | 750 |
| ಜನವರಿ | 21,000 | 25 | 840 |
| ಫೆಬ್ರವರಿ | 22,000 | 16 | 1,375 |

## ಪರಿವರ್ತನೆಯ ಶುದ್ಧೀಕರಣ

ಮೊದಲು ನೋಡಬೇಕಾದುದು ಯಾವುದನ್ನು ಪರಿವರ್ತನೆ ಎಂದು ಎಣಿಸಲಾಗಿದೆ ಎಂಬುದನ್ನು. ಈ ಹೋಂಸ್ಟೇಯ ಖಾತೆಯಲ್ಲಿ ನವೆಂಬರಿನಿಂದ ಜನವರಿವರೆಗೆ ₹66,000 ವೆಚ್ಚವಾಗಿ 81 ಬುಕಿಂಗ್‌ಗಳು ಬಂದಿವೆ. ಇದೇ ಅವಧಿಯಲ್ಲಿ 183 ಜನ ದೂರವಾಣಿಯ ಗುಂಡಿಯನ್ನು ಒತ್ತಿದ್ದಾರೆ. ಖಾತೆಯು ಎರಡನ್ನೂ ಕೂಡಿಸಿ ಎಣಿಸಿದರೆ 264 ಪರಿವರ್ತನೆಗಳಾಗಿ, ಪ್ರಾಪ್ತಿವೆಚ್ಚ ₹250 ಎಂದು ತೋರುತ್ತದೆ. ಬುಕಿಂಗ್‌ಗಳನ್ನಷ್ಟೇ ಎಣಿಸಿದರೆ ಅದು ಸುಮಾರು ₹815.

ಗುಂಡಿ ಒತ್ತಿದವರಲ್ಲಿ ದಾರಿ ಕೇಳಿದವರೂ ದರ ವಿಚಾರಿಸಿ ಸುಮ್ಮನಾದವರೂ ಇರುತ್ತಾರೆ. ಕೂಡಿಸಿದ ಲೆಕ್ಕವನ್ನು ಹಾಗೆಯೇ ಬಿಟ್ಟರೆ ವ್ಯವಸ್ಥೆಯು ಅಗ್ಗವಾಗಿ ಸಿಗುವ ಗುಂಡಿ ಒತ್ತುವವರನ್ನೇ ಹುಡುಕುತ್ತದೆ. ಮುಂದೆ ಎಣಿಕೆಯನ್ನು ಸರಿಪಡಿಸಿ, ಗುರಿಯನ್ನು ಮಾತ್ರ ₹250ರಲ್ಲೇ ಉಳಿಸಿದರೆ ಜಾಹೀರಾತು ಬಹುಮಟ್ಟಿಗೆ ನಿಂತುಹೋಗುತ್ತದೆ. ಆದ್ದರಿಂದ ಗುರಿಯನ್ನು ಲೆಕ್ಕಹಾಕಲು ಬಳಸಿದ ಪರಿವರ್ತನೆಯೂ ಬಿಡ್ಡಿಂಗ್ ಅನುಸರಿಸುವ ಪರಿವರ್ತನೆಯೂ ಒಂದೇ ಆಗಿರಬೇಕು.

## ಅವಧಿಯ ಆಯ್ಕೆ

### ಬಲಿಯದ ದಿನಗಳು

ಪಟ್ಟಿಯಲ್ಲಿ ಫೆಬ್ರವರಿಯ ವೆಚ್ಚ ಅತಿಯಾಗಿ ಕಾಣುತ್ತದೆ. ಆದರೆ ಇದು ನಿಜವಾದ ಏರಿಕೆಯಲ್ಲ. ಪ್ರವಾಸಿಯು ಇಂದು ಜಾಹೀರಾತು ನೋಡಿ, ಮನೆಯವರೊಂದಿಗೆ ಚರ್ಚಿಸಿ, ರಜೆ ಹೊಂದಿಸಿಕೊಂಡು, ಹತ್ತು ಹದಿನೈದು ದಿನಗಳ ಬಳಿಕ ಮುಂಗಡ ಕಳುಹಿಸುತ್ತಾನೆ. ಗೂಗಲ್ ಆಡ್ಸ್‌ನ Conversions ಅಂಕಣವು ಆ ಬುಕಿಂಗನ್ನು ಹಣ ಬಂದ ದಿನಕ್ಕೆ ಸೇರಿಸದೆ, ಕ್ಲಿಕ್ ಆದ ದಿನಕ್ಕೆ ಸೇರಿಸುತ್ತದೆ. ಹೀಗಾಗಿ ಮಾರ್ಚ್ 1ರಂದು ನೋಡಿದಾಗ ಫೆಬ್ರವರಿ ಕೊನೆಯ ವಾರಗಳ ವೆಚ್ಚ ಪೂರ್ತಿಯಾಗಿ ದಾಖಲಾಗಿರುತ್ತದೆ, ಫಲ ಮಾತ್ರ ಇನ್ನೂ ಬಂದಿರುವುದಿಲ್ಲ.

ಕ್ಲಿಕ್ಕಿಗೂ ಪರಿವರ್ತನೆಗೂ ನಡುವಿನ ಅಂತರವನ್ನು Days to conversion ಎಂಬ ವಿಭಜನೆಯಲ್ಲಿ ನೋಡಬಹುದು. ಈ ಹೋಂಸ್ಟೇಯಲ್ಲಿ ಹತ್ತರಲ್ಲಿ ಏಳು ಬುಕಿಂಗ್‌ಗಳು ಒಂದು ವಾರದೊಳಗೆ, ಒಂಬತ್ತು ಎರಡು ವಾರಗಳೊಳಗೆ, ಉಳಿದವು ಬಹುತೇಕ ಮೂರು ವಾರಗಳೊಳಗೆ ಬಂದಿವೆ. ಆದಕಾರಣ ಕಳೆದ ಮೂರು ವಾರಗಳನ್ನು ಲೆಕ್ಕದಿಂದ ಕೈಬಿಡಬೇಕು. ಉಳಿಯುವ ಫೆಬ್ರವರಿಯ ಒಂದು ವಾರದಲ್ಲಿ ಬುಕಿಂಗ್‌ಗಳು ಬಹಳ ಕಡಿಮೆಯಾದ್ದರಿಂದ ಇಡೀ ತಿಂಗಳನ್ನೇ ಬಿಡುವುದು ಸುಲಭ.

### ಹೋಲದ ದಿನಗಳು

ಡಿಸೆಂಬರಿನ ₹750 ವೆಚ್ಚಕ್ಕೆ ವರ್ಷಾಂತ್ಯದ ರಜೆಗಳು ಕಾರಣ. ಜನ ಮೊದಲೇ ಹೊರಡಲು ನಿರ್ಧರಿಸಿರುವಾಗ ಜಾಹೀರಾತು ಅಗ್ಗವಾಗಿ ಫಲ ಕೊಡುತ್ತದೆ. ಮಾರ್ಚ್ ಪರೀಕ್ಷೆಗಳ ತಿಂಗಳು. ಮಕ್ಕಳಿರುವ ಕುಟುಂಬಗಳು ಏಪ್ರಿಲ್‌ವರೆಗೆ ಕಾಯುತ್ತವೆ. ಆದ್ದರಿಂದ ಮಾರ್ಚಿಗೆ ಹೋಲುವ ನವೆಂಬರ್ ಮತ್ತು ಜನವರಿಯನ್ನು ಮಾತ್ರ ತೆಗೆದುಕೊಂಡರೆ ವೆಚ್ಚ ₹39,000, ಬುಕಿಂಗ್ 45, ಪ್ರಾಪ್ತಿವೆಚ್ಚ ಸುಮಾರು ₹867. ಇಲ್ಲಿ ತಿಂಗಳುಗಳ ಸರಾಸರಿಗಳನ್ನು ಕೂಡಿಸಿ ಭಾಗಿಸದೆ, ಒಟ್ಟು ವೆಚ್ಚವನ್ನು ಒಟ್ಟು ಬುಕಿಂಗಿನಿಂದ ಭಾಗಿಸಲಾಗಿದೆ.

ಋತುವಿನ ಬದಲಾವಣೆಯನ್ನು ಊಹಿಸಬಹುದು. ಅನಿರೀಕ್ಷಿತ ಘಟನೆಗಳನ್ನು ಊಹಿಸಲಾಗದು. 2025ರ ನವೆಂಬರಿನಲ್ಲಿ ಹುಲಿ ದಾಳಿಯಿಂದ ರೈತರು ಮೃತಪಟ್ಟ ಬಳಿಕ ನಾಗರಹೊಳೆ ಮತ್ತು ಬಂಡೀಪುರಗಳಲ್ಲಿ ಸಫಾರಿಯನ್ನು ಸ್ಥಗಿತಗೊಳಿಸಲಾಯಿತು. ಅಂಥ ದಿನಗಳ ದಾಖಲೆಯಿಂದ ಸಫಾರಿ ಇರುವ ಕಾಲಕ್ಕೆ ಗುರಿ ನಿಗದಿಪಡಿಸುವುದೂ, ಸಫಾರಿ ಇದ್ದ ಕಾಲದ ಗುರಿಯನ್ನು ನಿಂತ ಕಾಲಕ್ಕೆ ಅನ್ವಯಿಸುವುದೂ ಸಮಾನವಾಗಿ ತಪ್ಪು.

## ವ್ಯಾಪಾರ ತಾಳಬಲ್ಲ ಮಿತಿ

ಹಿಂದಿನ ದಾಖಲೆಯು ಮಾರುಕಟ್ಟೆಯಲ್ಲಿ ಒಂದು ಬುಕಿಂಗ್ ಎಷ್ಟಕ್ಕೆ ಸಿಗುತ್ತದೆ ಎಂಬುದನ್ನು ಹೇಳುತ್ತದೆ. ಅಷ್ಟು ಕೊಡಲು ಸಾಧ್ಯವೇ ಎಂಬುದನ್ನು ಮನೆಯ ಲೆಕ್ಕ ಹೇಳಬೇಕು. ಒಂದು ಬುಕಿಂಗಿನಿಂದ ಸರಾಸರಿ ₹9,000 ಬಂದು, ಊಟ, ಬಟ್ಟೆ ಒಗೆತ, ಕೂಲಿ, ತೆರಿಗೆ ಮುಂತಾದವುಗಳಿಗೆ ₹6,600 ಹೋದರೆ ಉಳಿಯುವುದು ₹2,400. ಒಂಬತ್ತು ಬುಕಿಂಗ್‌ಗಳಲ್ಲಿ ಒಂದು ರದ್ದಾಗಿ ಮುಂಗಡ ಹಿಂದಿರುಗಿದರೆ, ದಾಖಲಾದ ಪ್ರತಿ ಬುಕಿಂಗಿನ ನಿಜವಾದ ಉಳಿಕೆ ಸುಮಾರು ₹2,133. ಜಾಹೀರಾತಿಗೆ ಇದಕ್ಕಿಂತ ಹೆಚ್ಚು ತೆತ್ತರೆ ನಷ್ಟ. ಇದರಲ್ಲಿ ಅರ್ಧವನ್ನು ಸಾಲದ ಕಂತು, ದುರಸ್ತಿ ಮತ್ತು ಮನೆಯ ಖರ್ಚಿಗೆ ಮೀಸಲಿಟ್ಟರೆ ಪ್ರಾಪ್ತಿವೆಚ್ಚದ ಗರಿಷ್ಠ ಮಿತಿ ಸುಮಾರು ₹1,065 ಆಗುತ್ತದೆ.

ದಾಖಲೆಯ ₹867 ಈ ಮಿತಿಯ ಒಳಗಿರುವುದರಿಂದ ₹900 ಆರಂಭದ ಗುರಿಯಾಗಿ ಯುಕ್ತವಾಗಿದೆ. ದಾಖಲೆಗಿಂತ ತುಸು ಹೆಚ್ಚಿಡುವುದರಿಂದ ವ್ಯವಸ್ಥೆಗೆ ಹೊಸ ಹುಡುಕಾಟಗಳನ್ನು ಪರೀಕ್ಷಿಸಲು ಅವಕಾಶ ದೊರೆಯುತ್ತದೆ.

ಮಿತಿಯು ₹600 ಆಗಿದ್ದರೆ ಗುರಿಯನ್ನು ₹600 ಎಂದು ನಮೂದಿಸಿದ ಮಾತ್ರಕ್ಕೆ ಬುಕಿಂಗ್ ಆ ಬೆಲೆಗೆ ಸಿಗುವುದಿಲ್ಲ. ವ್ಯವಸ್ಥೆಯು ಬಿಡ್‌ಗಳನ್ನು ತಗ್ಗಿಸುತ್ತದೆ. ಜಾಹೀರಾತು ಕಾಣುವುದು ಕಡಿಮೆಯಾಗುತ್ತದೆ. ಆಗ ಬದಲಿಸಬೇಕಾದುದು ಕೊಠಡಿಯ ದರ, ಜಾಲತಾಣದ ಪುಟ, ಆಯ್ದ ಹುಡುಕುಪದಗಳು ಅಥವಾ ಜಾಹೀರಾತು ನೀಡುವ ನಿರ್ಧಾರವನ್ನೇ ಹೊರತು ಗುರಿಯ ಅಂಕಿಯನ್ನಲ್ಲ.

## ಆರಂಭಿಸಿದ ನಂತರ

ಗುರಿಯು ಸರಾಸರಿಗೆ ಸಂಬಂಧಿಸಿದ್ದು. ಒಂದು ಬುಕಿಂಗ್ ₹400ಕ್ಕೆ, ಇನ್ನೊಂದು ₹1,500ಕ್ಕೆ ಬರುವುದು ಸಹಜ. ಮಾರ್ಚ್ ಮೊದಲ ಎರಡು ವಾರಗಳ ಕ್ಲಿಕ್‌ಗಳು ಪೂರ್ಣ ಫಲ ಕೊಡಲು ಇನ್ನೂ ಮೂರು ವಾರ ಬೇಕಾದ್ದರಿಂದ ಮೊದಲ ನಿಜವಾದ ತೀರ್ಮಾನ ಏಪ್ರಿಲ್ ಮೊದಲ ವಾರದಲ್ಲಷ್ಟೇ ಸಾಧ್ಯ. ಅದಕ್ಕೆ ಮುನ್ನ ಗುರಿಯನ್ನು ಪದೇ ಪದೇ ಬದಲಿಸಿದರೆ ಯಾವ ಅಂಕಿ ಯಾವ ಫಲ ನೀಡಿತೆಂದು ತಿಳಿಯುವುದಿಲ್ಲ.

ದಿನದ ಬಜೆಟ್ ಖರ್ಚಾಗದೆ ಉಳಿಯುವುದು ಮತ್ತು ಜಾಹೀರಾತು ಕಾಣುವ ಸಂಖ್ಯೆ ಕುಸಿಯುವುದು ಗುರಿ ತೀರ ಕೆಳಗಿದೆ ಎಂಬುದರ ಲಕ್ಷಣ. ಗುರಿ ಮೇಲಿರುವುದನ್ನು ಗುರುತಿಸುವುದು ಇಷ್ಟು ಸುಲಭವಲ್ಲ. ₹900ರ ಗುರಿಯಲ್ಲಿ ತಿಂಗಳಿಗೆ 25 ಬುಕಿಂಗ್‌ಗಳಿಗೆ ₹22,500 ವೆಚ್ಚವಾಯಿತೆನ್ನೋಣ. ಬಜೆಟ್ಟನ್ನೂ ಗುರಿಯನ್ನೂ ಏರಿಸಿದಾಗ 28 ಬುಕಿಂಗ್‌ಗಳು ತಲಾ ₹1,050ರಂತೆ ₹29,400ಕ್ಕೆ ಬಂದವು. ಸರಾಸರಿ ಇನ್ನೂ ಮಿತಿಯೊಳಗಿದೆ. ಆದರೆ ಹೆಚ್ಚುವರಿ ಮೂರು ಬುಕಿಂಗ್‌ಗಳಿಗೆ ₹6,900, ಎಂದರೆ ತಲಾ ₹2,300 ತೆತ್ತಂತಾಯಿತು. ಒಂದು ಬುಕಿಂಗಿನ ಉಳಿಕೆಯೇ ₹2,133 ಆಗಿರುವುದರಿಂದ ಆ ಮೂರೂ ನಷ್ಟದವು. ಗುರಿಯನ್ನು ಬದಲಿಸಿದಾಗಲೆಲ್ಲ ಸರಾಸರಿಯ ಜೊತೆಗೆ ಈ ಹೆಚ್ಚುವರಿ ವೆಚ್ಚವನ್ನೂ ಲೆಕ್ಕಹಾಕುವುದು ಉಚಿತ.

## ಮಿತಿಗಳು

ಸ್ವಯಂಚಾಲಿತ ಬಿಡ್ಡಿಂಗಿನ ಫಲವನ್ನು ತೂಗಿ ನೋಡಲು 30 ದಿನಗಳಲ್ಲಿ ಕನಿಷ್ಠ 30 ಪರಿವರ್ತನೆಗಳಾದರೂ ಇರಬೇಕೆಂಬುದು ಸಾಮಾನ್ಯ ಸಲಹೆ. ಮೇಲಿನ ಹೋಂಸ್ಟೇಯಂತೆ ತಿಂಗಳಿಗೆ 25 ಬುಕಿಂಗ್‌ಗಳಿರುವ ಖಾತೆಯಲ್ಲಿ ಐದಾರು ಬುಕಿಂಗ್‌ಗಳ ಏರಿಳಿತ ಕೇವಲ ಆಕಸ್ಮಿಕವಾಗಿರಬಹುದು. ಅದನ್ನು ನೋಡಿ ಗುರಿ ಬದಲಿಸಲಾಗದು. ಬುಕಿಂಗ್‌ಗಳು ಇನ್ನೂ ವಿರಳವಾಗಿದ್ದರೆ ಭರ್ತಿಯಾದ ವಿಚಾರಣಾ ಅರ್ಜಿಯಂಥ ಹಿಂದಿನ ಹಂತವನ್ನು ಪರಿವರ್ತನೆಯಾಗಿ ತೆಗೆದುಕೊಳ್ಳುವುದುಂಟು. ನಾಲ್ಕು ಅರ್ಜಿಗಳಲ್ಲಿ ಒಂದು ಬುಕಿಂಗ್ ಆಗುವುದಾದರೆ ಅರ್ಜಿಯೊಂದರ ಗುರಿ ₹900ರ ಕಾಲುಭಾಗ, ಅಂದರೆ ₹225. ಆದರೆ ಈ ಅನುಪಾತವು ಋತುವಿನೊಂದಿಗೆ ಬದಲಾಗುವುದರಿಂದ ಅದನ್ನು ಬುಕಿಂಗ್ ಪುಸ್ತಕದೊಂದಿಗೆ ಆಗಾಗ ತಾಳೆ ನೋಡಬೇಕಾಗುತ್ತದೆ. ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಬಂದಾಗಲೂ ಜೂನ್‌ನಲ್ಲಿ ಮಳೆ ಹಿಡಿದಾಗಲೂ ಗುರಿಯ ಲೆಕ್ಕವನ್ನು ಹೋಲುವ ತಿಂಗಳುಗಳ ದಾಖಲೆಯಿಂದ ಮತ್ತೆ ಮಾಡಬೇಕು.