ಅರಗಿನ ಬಳೆಗೆ ನೀರಿನ ಸ್ನಾನ ಬೇಡ

ಮದುವೆ ಕಾಲ ಮುಗಿದ ಮೇಲೆ ಒಡವೆಗಳನ್ನೆಲ್ಲ ಬಿಸಿ ಅಂಟುವಾಳದ ನೀರಿಗೆ ಹಾಕಿ, ಹಳೆಯ ಬ್ರಷ್ಷಿನಲ್ಲಿ ಉಜ್ಜಿ, ಬಟ್ಟೆಯ ಮೇಲೆ ಹರವುವುದು ಹಲವು ಮನೆಗಳ ರೂಢಿ. ಕಲ್ಲಿಲ್ಲದ ಗಟ್ಟಿ ಚಿನ್ನದ ಬಳೆ ಇದನ್ನು ತಡೆದುಕೊಳ್ಳುತ್ತದೆ. ಕೆಂಪು ಕಲ್ಲು ಕೂರಿಸಿದ ಅರಗಿನ ಬಳೆ ತಡೆಯುವುದಿಲ್ಲ.

ಅಂಥ ಬಳೆಯ ಹೊರಮೈ ಮಾತ್ರ ಚಿನ್ನ, ಅದೂ ತೆಳುವಾದ ತಗಡು. ಅದು ನಜ್ಜಾಗದಿರಲಿ, ಕಲ್ಲಿಗೆ ಕೆಳಗಿನಿಂದ ಆಸರೆ ಸಿಗಲಿ ಎಂದು ಅಕ್ಕಸಾಲಿಗರು ಟೊಳ್ಳಿನೊಳಗೆ ಅರಗು ತುಂಬಿರುತ್ತಾರೆ. ಅರಗು ಎಂದರೆ ಮರದ ಕೊಂಬೆಗಳ ಮೇಲೆ ಒಂದು ಜಾತಿಯ ಕೀಟ ಒಸರುವ ರಾಳ. ನೀರು ಕುದಿಯುವುದಕ್ಕೆ ಬಹಳ ಮುಂಚೆಯೇ, ಸುಮಾರು 70 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅದು ಮೆತ್ತಗಾಗುತ್ತದೆ. ಸ್ಪಿರಿಟ್ಟಿನಲ್ಲಿ ಕರಗುತ್ತದೆ, ವಾಷಿಂಗ್ ಸೋಡಾದ ನೀರಿಗೂ ಬಿಟ್ಟುಕೊಡುತ್ತದೆ. ಹಾಗಾಗಿ ಬಿಸಿನೀರು, ಸ್ಯಾನಿಟೈಸರ್, ಸೋಡಾ ಈ ಮೂರೂ ಇಂಥ ಬಳೆಯ ಹತ್ತಿರ ಸುಳಿಯಬಾರದು. ಒಳಗಿನ ಅರಗು ಸಡಿಲವಾದರೆ ಮೇಲಿನ ಕಲ್ಲೂ ಅಲುಗಾಡತೊಡಗುತ್ತದೆ.

ತಣ್ಣೀರಾದರೆ ಆಗಬಹುದೇ? ಮುಳುಗಿಸುವುದಾದರೆ ಅದೂ ಬೇಡ. ಹಳೆಯ ಕಟ್ಟಡದ ಕೆಂಪುಗಳ ಹಿಂಬದಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ಕಲ್ಲು ಹೊಳೆಯಲೆಂದು ಅದರ ಕೆಳಗೆ ಬೇಗಡೆ ಇಟ್ಟಿರುವುದೂ ಉಂಟು. ಕಲ್ಲಿಗೂ ಚಿನ್ನಕ್ಕೂ ನಡುವಿನ ಕೂದಲೆಳೆಯಷ್ಟು ಸಂದಿಯೂ ನೀರನ್ನು ಒಳಗೆಳೆಯಲು ಸಾಕು. ಒಳಹೋದ ನೀರಿಗೆ ಹೊರಬರಲು ದಾರಿ ಇರುವುದಿಲ್ಲ. ಬೇಗಡೆ ಕಪ್ಪಾಗಿ ಕಲ್ಲಿನ ಕಳೆಯೇ ಹೋಗುತ್ತದೆ. ಆಮೇಲೆ ಹೊರಗಿನಿಂದ ಎಷ್ಟು ಒರೆಸಿದರೂ ಆ ಮಸುಕು ಬಿಡುವುದಿಲ್ಲ. ಕಲ್ಲು ಬಿಚ್ಚಿ ಮತ್ತೆ ಕಟ್ಟಿಸಬೇಕಾಗುತ್ತದೆ.

ನಿಮ್ಮ ಬಳೆ ಅರಗಿನದೋ ಅಲ್ಲವೋ ಎಂಬ ಅನುಮಾನವಿದ್ದರೆ ರಸೀದಿ ನೋಡಿ. ಒಟ್ಟು ತೂಕ, ಚಿನ್ನದ ತೂಕ ಬೇರೆ ಬೇರೆ ಬರೆದಿದ್ದರೆ ಆ ವ್ಯತ್ಯಾಸ ಕಲ್ಲಿನದು ಮತ್ತು ಅರಗಿನದು. ರಸೀದಿ ಇಲ್ಲದಿದ್ದರೆ ಉಗುರಿನಿಂದ ಮೆಲ್ಲಗೆ ತಟ್ಟಿ. ಗಟ್ಟಿ ಬಳೆ ಟಿಣ್ ಎನ್ನುತ್ತದೆ, ಅರಗಿನದು ಮಂಕಾದ ಸದ್ದು ಮಾಡುತ್ತದೆ. ಸಂಶಯ ಉಳಿದರೆ ಅರಗಿನದೆಂದೇ ತಿಳಿದು ನಡೆದುಕೊಳ್ಳುವುದು ಕ್ಷೇಮ.

ಈಗ ಕುಂಕುಮ, ಗಂಧ, ಸೋಪಿನ ಜಿಡ್ಡು ಕಲ್ಲುಗಳ ಸುತ್ತ ಕೂತಿರುವ ಒಂದು ಬಳೆಯನ್ನು ತೆಗೆದುಕೊಳ್ಳೋಣ. ಹಗಲು ಬೆಳಕಿನಲ್ಲಿ, ಅಂಚಿರುವ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ ಕೂರಿ. ಸಿಂಕಿನ ಮೇಲೆ ಈ ಕೆಲಸ ಬೇಡವೇ ಬೇಡ. ಮೊದಲು ಬಳೆಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸಿ. ಗಲಗಲ ಅಂದರೆ ಒಳಗೆ ಅರಗು ಒಡೆದಿರಬಹುದು, ಇಲ್ಲವೇ ಕಲ್ಲೊಂದು ಸಡಿಲವಾಗಿರಬಹುದು. ಆಗ ಅಲ್ಲಿಗೇ ನಿಲ್ಲಿಸಿ ಅಕ್ಕಸಾಲಿಗರಲ್ಲಿಗೆ ಒಯ್ಯಿರಿ. ಸದ್ದಿಲ್ಲದಿದ್ದರೆ ನಯವಾದ ಹತ್ತಿ ಬಟ್ಟೆಯನ್ನು ಕಲ್ಲುಗಳ ಮೇಲೆ ಹಗುರವಾಗಿ ಆಡಿಸಿ. ಎಳೆ ಸಿಕ್ಕಿಕೊಂಡ ಕಡೆ ಚಿನ್ನದ ಅಂಚು ಎದ್ದಿದೆ ಎಂದರ್ಥ. ಆ ಜಾಗ ಮುಟ್ಟಬೇಡಿ.

ಹೆಚ್ಚಿನ ಕೊಳೆ ಒಣ ಬ್ರಷ್ಷಿಗೇ ಬರುತ್ತದೆ, ಇದನ್ನು ಬಹಳ ಮಂದಿ ನಂಬುವುದಿಲ್ಲ. ಚಿತ್ರ ಬರೆಯುವ ಮೆತ್ತನೆಯ ಬ್ರಷ್ ತೆಗೆದುಕೊಂಡು, ಕಲ್ಲಿನ ಅಂಚಿನಿಂದ ಹೊರಕ್ಕೆ ಗುಡಿಸುವ ಹಾಗೆ ಎಳೆಯಿರಿ. ಒಳಕ್ಕೆ ತಳ್ಳಿದರೆ ಪುಡಿ ಸಂದಿಗೇ ಸೇರುತ್ತದೆ. ಆಮೇಲೂ ಉಳಿದ ಜಿಡ್ಡಿಗೆ ಒಂದು ಲೋಟ ಸಾಧಾರಣ ನೀರಿನಲ್ಲಿ ಒಂದೆರಡು ಹನಿ ಸೌಮ್ಯವಾದ ಶಾಂಪೂ ಕದಡಿ. ಹತ್ತಿ ಸುತ್ತಿದ ಕಡ್ಡಿಯನ್ನು ಅದರಲ್ಲಿ ಅದ್ದಿ, ಬಟ್ಟೆಗೊತ್ತಿ ಹಿಂಡಿ. ಕಡ್ಡಿ ತೇವವಾಗಿರಬೇಕು, ಅದರಿಂದ ನೀರಿಳಿಯಬಾರದು. ಕಲ್ಲು ಕೆಳಮುಖವಾಗಿ ಬರುವಂತೆ ಬಳೆ ಹಿಡಿದು ಒರೆಸಿದರೆ ಹೆಚ್ಚಾದ ತೇವ ಕಲ್ಲಿನ ಹಿಂದಕ್ಕೆ ಇಳಿಯುವುದಿಲ್ಲ. ಒಂದು ಕಲ್ಲಿನ ಸುತ್ತ ಒರೆಸಿದ ಕೂಡಲೇ ಬರೀ ನೀರಿನ ತೇವದ ಬಟ್ಟೆ, ಹಿಂದೆಯೇ ಒಣಬಟ್ಟೆ ಆಡಿಸಿ, ಮುಂದಿನ ಕಲ್ಲಿಗೆ ಹೋಗಿ. ಗಟ್ಟಿಯಾದ ಜಿಡ್ಡನ್ನು ಸೂಜಿ, ಪಿನ್ನಿನಿಂದ ಕೆದಕಬೇಡಿ. ಇಪ್ಪತ್ತೆರಡು ಕ್ಯಾರೆಟ್ ಚಿನ್ನ ಮೆದು, ಕಲ್ಲನ್ನು ಒತ್ತಿ ಹಿಡಿದ ಅಂಚು ಅಷ್ಟಕ್ಕೇ ಏಳಬಹುದು. ಟೂತ್‌ಪೇಸ್ಟೂ ಬೇಡ, ಅದರೊಳಗಿನ ನುಣ್ಣನೆಯ ಪುಡಿ ಚಿನ್ನದ ಮೇಲೆ ಗೀರು ಬೀಳಿಸುತ್ತದೆ. ಬಳೆಯಲ್ಲಿ ಮುತ್ತು, ಹವಳವೂ ಇದ್ದರೆ ನಿಂಬೆರಸ, ಹುಣಿಸೆಹಣ್ಣನ್ನು ದೂರವಿಡಿ. ಹುಳಿ ಅವುಗಳ ಮೇಲ್ಮೈಯನ್ನು ತಿನ್ನುತ್ತದೆ.

ಮುಗಿದ ಮೇಲೆ ನೆರಳಿನಲ್ಲಿ ಹತ್ತಿ ಬಟ್ಟೆಯ ಮೇಲೆ ರಾತ್ರಿಯಿಡೀ ಆರಲಿ. ಬಿಸಿಲು, ಹೇರ್ ಡ್ರೈಯರ್ ಎರಡೂ ಬೇಡ.

ಹಿಂಬದಿ ತೆರೆದು, ಕೊಕ್ಕೆಗಳಲ್ಲಿ ಕಲ್ಲು ಕೂರಿಸಿದ ವಜ್ರದ ಓಲೆಯ ಕಥೆ ಬೇರೆ. ಕೊಕ್ಕೆಗಳು ಗಟ್ಟಿಯಾಗಿದ್ದರೆ ಬೆಚ್ಚಗಿನ ಸೋಪಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಹಿಂಬದಿಯಿಂದಲೂ ಉಜ್ಜಬಹುದು. ವಜ್ರ ಮಂಕಾಗುವುದು ಹೆಚ್ಚಾಗಿ ಹಿಂದೆ ಕೂತ ಎಣ್ಣೆಯಿಂದಲೇ.

ಅರಗಿನ ಬಳೆಯ ಪೆಟ್ಟಿಗೆಯಲ್ಲಿ ಕಂದು ಪುಡಿ ಉದುರಿದ್ದರೆ, ಬಳೆ ಒತ್ತಿದ ಕಡೆ ತಗ್ಗಾದರೆ ಅರಗು ಹಳತಾಗಿ ಒಡೆಯುತ್ತಿದೆ. ಹೊಸದಾಗಿ ತುಂಬಿಸಲು ಕೊಡುವಾಗ ಒಟ್ಟು ತೂಕ, ಕಲ್ಲುಗಳ ಎಣಿಕೆ ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಹಳೆಯ ಅರಗು ತೆಗೆದ ಮೇಲೆ, ಹೊಸದು ತುಂಬುವ ಮೊದಲು ಬರೀ ಚಿನ್ನದ ತೂಕವನ್ನೂ ತೋರಿಸಲು ಕೇಳಿ.