ನೀರು ಏರದ ಎರಡು ಬೋರ್‌ವೆಲ್

ಕೋಲಾರ ಜಿಲ್ಲೆಯ ಹಳ್ಳಿಯೊಂದರಿಂದ ಬಂದು ಸಿವಿಲ್ ಎಂಜಿನಿಯರಿಂಗ್ ಮುಗಿಸಿದ ಹುಡುಗಿಯೊಬ್ಬಳು ಅಕ್ಟೋಬರ್ ತಿಂಗಳಲ್ಲಿ ಎರಡು ಹಾಳೆ ಹಿಡಿದು ಮನೆಗೆ ಬಂದಳು. ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. ಜಲಸಂಪನ್ಮೂಲದಲ್ಲಿ ಮಾಸ್ಟರ್ಸ್ ಮಾಡಲು ಅಮೆರಿಕದ ಒಂದು, ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವಳಿದ್ದಳು. ‘ಎಸ್‌ಒಪಿ ಒಂದ್ಸಲ ನೋಡಿಕೊಡಿ ಸಾರ್, ಇಂಗ್ಲಿಷ್ ತಪ್ಪಿದ್ರೆ ತಿದ್ದಿ’ ಎಂದಳು.

ಎಸ್‌ಒಪಿ ಎಂದರೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್. ತಾನು ಏನು ಓದಬೇಕೆಂದಿದ್ದೇನೆ, ಅದಕ್ಕೆ ಇದುವರೆಗೆ ಏನು ಮಾಡಿಕೊಂಡಿದ್ದೇನೆ, ಈ ಕೋರ್ಸೇ ಯಾಕೆ ಬೇಕು ಎಂದು ಅರ್ಜಿದಾರರು ತಾವೇ ಹೇಳಿಕೊಳ್ಳುವ ಬರಹ. ಜರ್ಮನಿಯಲ್ಲಿ ಇದನ್ನು ಮೋಟಿವೇಷನ್ ಲೆಟರ್ ಅನ್ನುತ್ತಾರೆ, ಬ್ರಿಟನ್ನಿನಲ್ಲಿ ಪರ್ಸನಲ್ ಸ್ಟೇಟ್‌ಮೆಂಟ್. ಸಾಮಾನ್ಯವಾಗಿ ಒಂದೆರಡು ಪುಟ. ಅಂಕಪಟ್ಟಿ, ಶಿಫಾರಸು ಪತ್ರ ಎಲ್ಲ ಬೇರೆಯವರು ಕೊಡುವಂಥವು. ಅರ್ಜಿಯಲ್ಲಿ ಅಭ್ಯರ್ಥಿಯ ದನಿ ಕೇಳಿಸುವುದು ಹೆಚ್ಚುಕಡಿಮೆ ಈ ಹಾಳೆಗಳಲ್ಲಿ ಮಾತ್ರ.

ಅವಳ ಇಂಗ್ಲಿಷಿನಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ. ನಾನು ಒಂದು ಸಲ ಓದಿ, ಹಾಳೆ ಮಗುಚಿಟ್ಟು, ಅದರ ಬೆನ್ನಿಗೆ ‘ಈಕೆಗೆ ಏನು ಬೇಕು?’ ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಲು ಹೋದೆ. ಯಾರ ಎಸ್‌ಒಪಿ ಬಂದರೂ ನಾನು ಮೊದಲು ಮಾಡುವ ಕೆಲಸ ಇದು. ಸಾಲು ಹುಟ್ಟಲಿಲ್ಲ. ಚಿಕ್ಕಂದಿನಿಂದ ನೀರಿನ ಬಗ್ಗೆ ಅಪಾರ ಆಸಕ್ತಿ ಎಂದಿತ್ತು. ಪ್ರವಾಹ, ಹವಾಮಾನ ಬದಲಾವಣೆ, ಸ್ಮಾರ್ಟ್ ಸಿಟಿ, ನದಿ ಶುದ್ಧೀಕರಣ ಎಲ್ಲವೂ ಬಂದುಹೋಗಿದ್ದವು. ಕಾಲೇಜಿನ ಟೆಕ್ ಫೆಸ್ಟ್ ನಡೆಸಿದ್ದು, ಎನ್‌ಎಸ್‌ಎಸ್ ಶಿಬಿರಕ್ಕೆ ಹೋಗಿದ್ದು ಒಂದೊಂದು ಪ್ಯಾರಾ. ಎರಡನೆಯ ಪುಟದ ನಡುವೆ ಒಂದೇ ವಾಕ್ಯ: ಕೊನೆಯ ವರ್ಷದಲ್ಲಿ ಅಂತರ್ಜಲಕ್ಕೆ ಸಂಬಂಧಿಸಿದ ಪ್ರಾಜೆಕ್ಟ್ ಒಂದನ್ನು ಯಶಸ್ವಿಯಾಗಿ ಮುಗಿಸಿದ್ದೇನೆ.

‘ಏನಮ್ಮ ಅದು ಪ್ರಾಜೆಕ್ಟು?’ ಎಂದು ಕೇಳಿದೆ. ಆಮೇಲೆ ಮುಕ್ಕಾಲು ಗಂಟೆ ಅವಳೇ ಮಾತಾಡಿದಳು.

ಬೆಂಗಳೂರಿನ ಒಳಚರಂಡಿ ನೀರನ್ನು ಎರಡು ಹಂತ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ ಅನೇಕರಿಗೆ ಗೊತ್ತು. 2018ರಲ್ಲಿ ನೀರು ಹರಿಯತೊಡಗಿತು. ಆ ನೀರು ಕುಡಿಯುವುದಕ್ಕಲ್ಲ, ಕೆರೆಯಲ್ಲಿ ನಿಂತು ಇಂಗಿ ಅಂತರ್ಜಲ ಏರಲಿ ಎಂಬುದಕ್ಕೆ. ಅವಳೂ ಮೂವರು ಗೆಳತಿಯರೂ ಹಾಗೆ ತುಂಬಿದ ಒಂದು ಕೆರೆಯ ಸುತ್ತಲಿನ 14 ಬೋರ್‌ವೆಲ್‌ಗಳನ್ನು ಆರಿಸಿಕೊಂಡು, ಏಳು ತಿಂಗಳ ಕಾಲ ಹದಿನೈದು ದಿನಕ್ಕೊಮ್ಮೆ ನೀರಿನ ಮಟ್ಟ ಅಳೆದಿದ್ದರು. ಆರಿಸಿದ್ದೆಲ್ಲ ಮೋಟಾರ್ ತೆಗೆದ ಬೋರ್‌ವೆಲ್‌ಗಳೇ. ಪಂಪು ನಡೆಯುವ ಬಾವಿಯಲ್ಲಿ ಮಟ್ಟ ಗಳಿಗೆಗಳಿಗೆಗೂ ಬದಲಾಗುತ್ತದೆ, ಪೈಪಿನ ಸಂದಿಯಲ್ಲಿ ಟೇಪು ಸಿಕ್ಕಿಹಾಕಿಕೊಳ್ಳುತ್ತದೆ. ಸುರುಳಿಯಿಂದ ಟೇಪು ಬಿಡುತ್ತ ಹೋದರೆ ತುದಿ ನೀರಿಗೆ ತಾಗಿದೊಡನೆ ಗುಂಯ್ ಎನ್ನುತ್ತದೆ, ಆಗ ಆಳ ಓದಿಕೊಳ್ಳಬೇಕು. ಹನ್ನೆರಡರಲ್ಲಿ ನೀರು ಏರಿತ್ತು. ಎರಡರಲ್ಲಿ ಏರಲಿಲ್ಲ.

‘ಅದ್ರಲ್ಲಿ ಒಂದು ಕೆರೆ ಏರಿಯಿಂದ ಇನ್ನೂರು ಮೀಟರೂ ಇಲ್ಲ ಸಾರ್. ಒಂದು ಕಿಲೋಮೀಟರ್ ಆಚೆ ಇರೋ ಬೋರಲ್ಲಿ ನೀರು ಬಂತು, ಇದ್ರಲ್ಲಿ ಬರ್ಲಿಲ್ಲ. ರೈತ್ರು ಕೇಳ್ತಾರೆ ಯಾಕಮ್ಮ ಅಂತ. ನಂಗೆ ಗೊತ್ತಿಲ್ಲ ಅಂದೆ. ಇವತ್ತಿಗೂ ಗೊತ್ತಿಲ್ಲ.’

ಅವಳು ಬರೆಯಬೇಕಾಗಿದ್ದ ಎಸ್‌ಒಪಿ ಇದು. ಮಗುಚಿಟ್ಟ ಹಾಳೆಯ ಬೆನ್ನಿಗೆ ಈಗ ಒಂದು ಸಾಲು ಬರೆಯಲು ಸಾಧ್ಯವಾಯಿತು: ಗಟ್ಟಿ ಬಂಡೆಯ ನೆಲದಲ್ಲಿ ಕೆರೆಯಿಂದ ಇಂಗಿದ ನೀರು ಎತ್ತ ಹೋಗುತ್ತದೆ, ಎಲ್ಲಿ ತಡೆಯುತ್ತದೆ ಎಂದು ಈಕೆ ಕಲಿಯಬೇಕೆಂದಿದ್ದಾಳೆ. ಗುರಿ ಖಚಿತವಾಗಿರುವುದು ಎಂದರೆ ಇಷ್ಟೇ. ‘ಜಲಸಂಪನ್ಮೂಲ’ ಎಂಬುದು ಇಲಾಖೆಯ ಹೆಸರು. ‘ಆ ಎರಡು ಬೋರ್‌ವೆಲ್ ಯಾಕೆ ಏರಲಿಲ್ಲ’ ಎಂಬುದು ಪ್ರಶ್ನೆ. ಮಾಸ್ಟರ್ಸ್‌ಗೆ ಬರುವವರಿಗೆ ಉತ್ತರ ಗೊತ್ತಿರಬೇಕೆಂದು ಆಯ್ಕೆ ಸಮಿತಿಯವರು ಬಯಸುವುದಿಲ್ಲ. ಒಂದು ಪ್ರಶ್ನೆಯನ್ನು ಕೈಯಾರೆ ಮುಟ್ಟಿ ನೋಡಿದ್ದಾರೆಯೇ, ತಮಗೆ ಎಲ್ಲಿ ಕೊರತೆಯಾಯಿತೆಂದು ಗೊತ್ತಿದೆಯೇ ಎಂದು ನೋಡುತ್ತಾರೆ. ಆ ಒಂದು ಸಾಲು ಸಿಕ್ಕ ಮೇಲೆ ಉಳಿದ ಪ್ಯಾರಾಗಳನ್ನು ಅದರ ಪಕ್ಕದಲ್ಲಿಟ್ಟು ತೂಗುವುದು ಸುಲಭ. ಟೆಕ್ ಫೆಸ್ಟ್ ಹೋಯಿತು, ಸ್ಮಾರ್ಟ್ ಸಿಟಿ ಹೋಯಿತು. ಎನ್‌ಎಸ್‌ಎಸ್ ಶಿಬಿರದಲ್ಲಿ ಅದೇ ಊರಿನ ರೈತರ ಪರಿಚಯವಾಗಿ ಬೋರ್‌ವೆಲ್‌ಗೆ ಟೇಪು ಬಿಡಲು ಅನುಮತಿ ಸಿಕ್ಕಿತ್ತು, ಹಾಗಾಗಿ ಅದು ಅರ್ಧ ವಾಕ್ಯವಾಗಿ ಉಳಿಯಿತು.

ಮುಂದಿನದು ಹೊಂದಾಣಿಕೆ, ಅಂದರೆ ಈ ಕೋರ್ಸಿಗೂ ಈ ಅಭ್ಯರ್ಥಿಗೂ ಕೂಡಿಬರುತ್ತದೆಯೇ ಎಂಬುದು. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಅವಳೂ ‘ನಿಮ್ಮ ವಿಶ್ವಮಟ್ಟದ ಅಧ್ಯಾಪಕ ವರ್ಗ, ಅತ್ಯಾಧುನಿಕ ಪ್ರಯೋಗಾಲಯಗಳು’ ಎಂದು ಬರೆದಿದ್ದಳು. ನಾನು ಪೆನ್ಸಿಲ್ ತೆಗೆದು ವಿಶ್ವವಿದ್ಯಾಲಯದ ಹೆಸರು ಹೊಡೆದುಹಾಕಿ ಬೇರೊಂದರ ಹೆಸರು ಬರೆದೆ. ಪ್ಯಾರಾಕ್ಕೆ ಏನೂ ಆಗಲಿಲ್ಲ, ಹಾಗೇ ನಿಂತಿತ್ತು. ಹೆಸರು ಬದಲಿಸಿದರೂ ಅಲುಗದ ಪ್ಯಾರಾ ಆ ಕೋರ್ಸಿನ ಬಗ್ಗೆ ಏನೂ ಹೇಳುತ್ತಿಲ್ಲ ಎಂದು ತಿಳಿಯಬೇಕು. ಅದರ ಕೆಳಗೆ ಮೂವರು ಪ್ರಾಧ್ಯಾಪಕರ ಹೆಸರಿತ್ತು. ವೆಬ್‌ಸೈಟ್ ತೆರೆದು ನೋಡಿದರೆ ಒಬ್ಬರು ಭೂಕಂಪ ಎಂಜಿನಿಯರಿಂಗ್‌ನವರು! ಯಾರೋ ಸೀನಿಯರ್ ‘ಮೂರು ಹೆಸರು ಹಾಕಲೇಬೇಕು’ ಎಂದಿದ್ದರಂತೆ.

ಹೆಸರು ಹಾಕಬೇಕೋ ಬೇಡವೋ ಎಂಬುದು ಕೋರ್ಸಿನ ಬಗೆಯನ್ನು ನೋಡಿ ತೀರ್ಮಾನಿಸುವ ಮಾತು. ಅವಳು ಆರಿಸಿದ್ದ ಅಮೆರಿಕದ ಕೋರ್ಸಿನಲ್ಲಿ ಥೀಸಿಸ್ ಇತ್ತು. ಅಲ್ಲಿ ಮಾರ್ಗದರ್ಶನ ಮಾಡಬಲ್ಲವರು ಯಾರು, ಅವರ ಕೆಲಸಕ್ಕೂ ತನ್ನ ಪ್ರಶ್ನೆಗೂ ನಂಟು ಏನು ಎಂದು ಹೇಳುವುದು ಸರಿ. ಆದರೆ ಅವರ ಒಂದು ಲೇಖನವನ್ನಾದರೂ ಓದಿರಬೇಕು, ಅವರು ಈಗಲೂ ಅಲ್ಲೇ ಇದ್ದಾರೆಯೇ, ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ನೋಡಿಕೊಂಡಿರಬೇಕು. ಅವಳು ಒಂದು ವಾರ ಕೂತು ಓದಿದಳು. ಬಿರುಕುಬಿಟ್ಟ ಬಂಡೆಯಲ್ಲಿ ನೀರಿನ ಹರಿವನ್ನು ಅಧ್ಯಯನ ಮಾಡುವ ಒಬ್ಬರು ಅಲ್ಲಿದ್ದರು. ಅವರ ಲೇಖನ ಓದಿದಾಗ ಅವಳಿಗೆ ತನ್ನ ಪ್ರಾಜೆಕ್ಟಿನ ಲೋಪವೇ ಕಂಡಿತು. ಅಂತರ್ಜಲ ಲೆಕ್ಕ ಹಾಕಲು ಅವಳು ಬಳಸಿದ್ದು ಮಾಡ್‌ಫ್ಲೋ ಎಂಬ ಪ್ರಸಿದ್ಧ ತಂತ್ರಾಂಶ. ಅದು ನೆಲವನ್ನು ಮರಳಿನ ಹಾಗೆ ಎಲ್ಲೆಡೆ ರಂಧ್ರವಿರುವ ಪದಾರ್ಥ ಎಂದು ಭಾವಿಸಿ ಲೆಕ್ಕ ಮಾಡುತ್ತದೆ. ಕೋಲಾರದ ಗಟ್ಟಿ ಶಿಲೆಯಲ್ಲಿ ನೀರು ಹೋಗುವುದು ಬಿರುಕುಗಳ ದಾರಿಯಲ್ಲಿ. ನಡುವೆ ಕರಿಕಲ್ಲಿನ ಡೈಕ್, ಎಂದರೆ ಬಂಡೆಯನ್ನು ಸೀಳಿ ಗೋಡೆಯಂತೆ ಎದ್ದ ಶಿಲೆ ಅಡ್ಡ ಬಂದರೆ ನೀರು ಅಲ್ಲೇ ತಡೆಯಬಹುದು. ಆ ಎರಡು ಬೋರ್‌ವೆಲ್‌ಗಳ ಕತೆ ಅದೇ ಇರಬಹುದು, ಇರದೆಯೂ ಇರಬಹುದು. ‘ನನ್ನ ಲೆಕ್ಕ ಇಲ್ಲಿ ಸೋತಿತು, ಈ ವಿಧಾನ ಕಲಿತರೆ ಮತ್ತೆ ಹಾಕಿ ನೋಡುತ್ತೇನೆ’ ಎಂದು ಅವಳು ಬರೆದಳು. ಈ ಪ್ಯಾರಾದಲ್ಲಿ ಬೇರೆ ವಿಶ್ವವಿದ್ಯಾಲಯದ ಹೆಸರು ಕೂರಿಸಿದರೆ ಈಗ ಅರ್ಥವೇ ಕೆಡುತ್ತದೆ.

ಜರ್ಮನಿಯದು ಹೆಚ್ಚಾಗಿ ತರಗತಿಯ ಪಾಠಗಳ ಕೋರ್ಸು. ಅಲ್ಲಿ ಪ್ರಾಧ್ಯಾಪಕರ ಹೆಸರಿಗಿಂತ, ಇಲ್ಲಿ ಓದಿದ ವಿಷಯಗಳು ಅಲ್ಲಿಯ ಪಾಠಕ್ಕೆ ಬುನಾದಿಯಾಗುತ್ತವೆಯೇ ಎಂಬುದು ಮುಖ್ಯ. ಕೋರ್ಸಿನ ಮಾಡ್ಯೂಲ್ ಹ್ಯಾಂಡ್‌ಬುಕ್ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದನ್ನೂ ಅಂಕಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು, ಜಲವಿಜ್ಞಾನ, ದ್ರವ ಯಂತ್ರಶಾಸ್ತ್ರ, ಗಣಿತ ಯಾವುದು ಎಷ್ಟು ಓದಿದೆ, ಯಾವ ಎರಡು ಮಾಡ್ಯೂಲ್‌ಗಾಗಿ ಬರುತ್ತಿದ್ದೇನೆ ಎಂದು ಬರೆಸಿದೆ. ಒಂದೇ ಪ್ರಶ್ನೆ, ಎರಡು ಬೇರೆ ಪತ್ರ.

ಮೂರನೆಯ ಸೆಮಿಸ್ಟರಿನಲ್ಲಿ ಅವಳಿಗೆ ಒಂದು ಬ್ಯಾಕ್‌ಲಾಗ್ ಇತ್ತು. ಅದಕ್ಕೆ ಒಂದು ಪ್ಯಾರಾ ತುಂಬ ಸಮಜಾಯಿಷಿ ಕೊಟ್ಟಿದ್ದಳು. ಎರಡು ವಾಕ್ಯಕ್ಕೆ ಇಳಿಸಲು ಹೇಳಿದೆ: ಏನಾಯಿತು, ಆಮೇಲೆ ಅದೇ ವಿಷಯದಲ್ಲಿ ಎಷ್ಟು ಅಂಕ ಬಂತು. ಕಡಿಮೆ ಅಂಕವನ್ನು ಎಸ್‌ಒಪಿ ಹೆಚ್ಚಿಸಲಾರದು.

ದನಿಯ ವಿಷಯಕ್ಕೆ ಬಂದಾಗ ನಾವಿಬ್ಬರೂ ಹೆಚ್ಚು ಹೊತ್ತು ಕೂತೆವು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವ ನಮ್ಮ ಮಕ್ಕಳಿಗೆ ಒಂದು ಹೆದರಿಕೆ ಇದೆ, ಸರಳವಾಗಿ ಬರೆದರೆ ಕೀಳಾಗಿ ಕಾಣುತ್ತದೆ ಎಂದು. ಹಾಗಾಗಿ ಎಲ್ಲಿಂದಲೋ ಎರವಲು ತಂದ ದಪ್ಪ ಪದಗಳು ತುಂಬಿಕೊಳ್ಳುತ್ತವೆ. ಅವಳ ಮೊದಲ ಕರಡಿನಲ್ಲಿ ‘ಅಪಾರ’, ‘ತೀವ್ರ ಹಂಬಲ’, ‘ಅಚಲ ಬದ್ಧತೆ’ ಎಂಬರ್ಥದ ಮಾತುಗಳಿಗೆ ನಾನು ಅಡಿಗೆರೆ ಎಳೆದೆ, ಹನ್ನೊಂದು ಸಿಕ್ಕವು. ಪ್ರತಿಯೊಂದರ ಪಕ್ಕದಲ್ಲೂ ‘ಇದಕ್ಕೆ ಸಾಕ್ಷಿ ಎಲ್ಲಿ?’ ಎಂದು ಬರೆದೆ. ಏಳು ತಿಂಗಳು ಹದಿನೈದು ದಿನಕ್ಕೊಮ್ಮೆ ಬಸ್ ಹಿಡಿದು ಹೋಗಿ ಟೇಪು ಬಿಟ್ಟವಳು ಬದ್ಧತೆ ಎಂಬ ಪದ ಬಳಸಬೇಕಾಗಿಯೇ ಇಲ್ಲ.

ಆಮೇಲೆ ಫೋನಿನಲ್ಲಿ ರೆಕಾರ್ಡ್ ಹಾಕಿ, ಆ ಎರಡು ಬೋರ್‌ವೆಲ್‌ಗಳ ಕತೆಯನ್ನು ಕನ್ನಡದಲ್ಲೇ ಮತ್ತೊಮ್ಮೆ ಹೇಳಿಸಿದೆ. ಅದನ್ನು ಕೇಳುತ್ತ ಅವಳೇ ಇಂಗ್ಲಿಷಿನಲ್ಲಿ ಬರೆದಳು. ‘ರೈತರು ಯಾಕೆ ಎಂದು ಕೇಳಿದರು, ನನಗೆ ಗೊತ್ತಿರಲಿಲ್ಲ’ ಎಂಬ ವಾಕ್ಯ ಹಾಗೇ ಬಂದು ಕೂತಿತು. ಇಡೀ ಪತ್ರದಲ್ಲಿ ಅದರಷ್ಟು ನಿಜವಾದ ವಾಕ್ಯ ಇನ್ನೊಂದಿಲ್ಲ, ನಾನು ಎಷ್ಟು ಯೋಚಿಸಿದರೂ ಅದು ನನಗೆ ಹೊಳೆಯುತ್ತಿರಲಿಲ್ಲ. ಅದಕ್ಕೇ ನಾನು ಯಾರ ಎಸ್‌ಒಪಿಯನ್ನೂ ತಿದ್ದಿ ಬರೆದುಕೊಡುವುದಿಲ್ಲ, ಅಂಚಿನಲ್ಲಿ ಪ್ರಶ್ನೆ ಮಾತ್ರ ಹಾಕುತ್ತೇನೆ. ನೋಡಿಕೊಡುವವರು ತಮ್ಮ ವಾಕ್ಯ ತುರುಕಿದರೆ ಅಲ್ಲಿಗೆ ಆ ಹುಡುಗಿಯ ದನಿ ಮುಗಿಯಿತು. ಅವಳು ನನಗಿಂತ ಮೊದಲು ಐವರಿಗೆ ತೋರಿಸಿ ಐವರ ಮಾತನ್ನೂ ಸೇರಿಸಿದ್ದಳು. ಮೊದಲ ಕರಡು ಯಾರದೂ ಅಲ್ಲದಂತೆ ಆಗಿದ್ದಕ್ಕೆ ಅದೇ ಕಾರಣ. ವಿಷಯ ಬಲ್ಲವರು ಒಬ್ಬರು, ವಿಷಯ ಗೊತ್ತಿಲ್ಲದಿದ್ದರೂ ಅವಳನ್ನು ಬಲ್ಲವರು ಒಬ್ಬರು, ಇಬ್ಬರು ಓದಿದರೆ ಸಾಕು. ಮೊದಲನೆಯವರು ತಪ್ಪು ಹಿಡಿಯುತ್ತಾರೆ, ಎರಡನೆಯವರು ‘ಇದು ನೀನು ಮಾತಾಡಿದ ಹಾಗಿಲ್ಲವಲ್ಲ’ ಎನ್ನುತ್ತಾರೆ. ಅವಳ ಪಾಲಿಗೆ ಆ ಎರಡನೆಯವಳು ಜೊತೆಯಲ್ಲಿ ಟೇಪು ಹಿಡಿದ ಗೆಳತಿ.

ಮೊದಲ ಕರಡು 1,140 ಪದವಿತ್ತು, ಕೊನೆಯದು 880. ಒಂದು ವಾಕ್ಯವಾಗಿದ್ದ ಪ್ರಾಜೆಕ್ಟು ಮುನ್ನೂರು ಪದವಾಗಿ ಮೊದಲ ಪುಟಕ್ಕೆ ಏರಿತ್ತು. ನಾಲ್ಕು ಕರಡು, ಐದು ವಾರ ಹಿಡಿಯಿತು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳ ಗಡುವು ಡಿಸೆಂಬರ್‌ನಲ್ಲೇ ಬೀಳುತ್ತದೆ. ಈ ವರ್ಷ ಅರ್ಜಿ ಹಾಕುವವರು ಮನೆಯಲ್ಲಿದ್ದರೆ ದಸರಾ ರಜೆಯಲ್ಲೇ ಮೊದಲ ಕರಡು ಬರೆಸಿ, ಅದನ್ನು ಓದುವ ಮೊದಲು ಅವರ ಪ್ರಾಜೆಕ್ಟಿನ ಕತೆಯನ್ನು ಕನ್ನಡದಲ್ಲಿ ಒಮ್ಮೆ ಹೇಳಿಸಿ ಕೇಳಿ.