ನಿಲ್ಲುವ ಮುನ್ನ ಎಷ್ಟು ಹೆಜ್ಜೆ?

ಟ್ಯೂರಿಂಗ್ ಯಂತ್ರ ಎಂದರೆ ಟೇಪಿನ ಮೇಲೆ 0, 1 ಬರೆಯುತ್ತಾ ಹಿಂದೆ ಮುಂದೆ ಸರಿಯುವ ಕಾಗದದ ಮೇಲಿನ ಕಂಪ್ಯೂಟರು. ಐದೇ ಸ್ಥಿತಿಗಳಿರುವ ಅಂಥದ್ದೊಂದು ಖಾಲಿ ಟೇಪಿನಲ್ಲಿ ಹೊರಟು, ನಿಲ್ಲುವ ಮುನ್ನ ಹೆಚ್ಚೆಂದರೆ ಎಷ್ಟು ಹೆಜ್ಜೆ ಇಟ್ಟೀತು? 4,71,76,870. ನಾಲ್ಕು ಸ್ಥಿತಿಗಳಿಗೆ ಬರೀ 107! ದಾಖಲೆಯ ಯಂತ್ರ ಸಿಕ್ಕಿದ್ದು 1989ರಲ್ಲಿ. ಅದನ್ನು ಮೀರಿಸುವುದು ಇಲ್ಲವೆಂದು ಸಾಬೀತಾದದ್ದು 2024ರಲ್ಲಿ.

ಟಿಬೋರ್ ರಾಡೋ 1962ರಲ್ಲಿ ಪರಿಚಯಿಸಿದ ಈ ಲೆಕ್ಕವೇ ‘ಬಿಝಿ ಬೀವರ್’.

ಇದನ್ನು ಸದಾ ಮೀರುವ ಸಂಖ್ಯೆ ಕೊಡುವ ಪ್ರೋಗ್ರಾಮೊಂದು ಇದೆಯೆನ್ನಿ. ಯಾವುದೇ ಯಂತ್ರವನ್ನು ಅಷ್ಟು ಹೆಜ್ಜೆ ಓಡಿಸಿದರಾಯಿತು. ಆಗಲೂ ನಿಲ್ಲದಿದ್ದರೆ ಅದು ಎಂದೂ ನಿಲ್ಲದು. ಆದರೆ ನಿಲುಗಡೆಯನ್ನು ತೀರ್ಮಾನಿಸುವ ಸಾರ್ವತ್ರಿಕ ವಿಧಾನವೇ ಇಲ್ಲವೆಂಬುದು ಟ್ಯೂರಿಂಗ್ 1936ರ ಪ್ರಬಂಧದಿಂದಲೇ ಬರುತ್ತದೆ. ಹಾಗಾಗಿ ಅಂಥ ಪ್ರೋಗ್ರಾಮೂ ಇಲ್ಲ. ಆರು ಸ್ಥಿತಿಗಳ ಉತ್ತರ ಇನ್ನೂ ಯಾರಿಗೂ ಗೊತ್ತಿಲ್ಲ.